ಉಗ್ರಾಣದ ಪುಸ್ತಕವೂ ಊಟದ ತಟ್ಟೆಯೂ

ವಿದ್ಯಾರ್ಥಿನಿಲಯದ ಮೆಸ್ಸಿಗೆ ಸಂಬಂಧಿಸಿ ಎರಡು ಪುಸ್ತಕಗಳಿರುತ್ತವೆ. ಒಂದು ವಾರ್ಡನ್ನರ ಮೇಜಿನ ಮೇಲಿರುವ ಹಾಜರಿ ಪುಸ್ತಕ. ಇವತ್ತು ಎಷ್ಟು ಹುಡುಗರಿದ್ದಾರೆ, ಯಾರು ಊರಿಗೆ ಹೋಗಿದ್ದಾರೆ ಎಂಬುದು ಅದರಲ್ಲಿರುತ್ತದೆ. ಇನ್ನೊಂದು ಉಗ್ರಾಣದಲ್ಲಿ ಮೊಳೆಗೆ ನೇತುಹಾಕಿದ, ಅಂಚುಗಳಲ್ಲಿ ಎಣ್ಣೆಯ ಕಲೆ ಬಿದ್ದ ದಾಸ್ತಾನು ಪುಸ್ತಕ. ಅಕ್ಕಿ, ಗೋಧಿಹಿಟ್ಟು, ಬೇಳೆ, ಎಣ್ಣೆ, ತರಕಾರಿ ಎಷ್ಟು ಬಂತು, ಅಡುಗೆಮನೆಗೆ ಎಷ್ಟು ಕೊಟ್ಟರು, ಎಷ್ಟು ಉಳಿಯಿತು ಎಂಬುದು ಅದರಲ್ಲಿರುತ್ತದೆ. ಈ ಎರಡು ಪುಸ್ತಕಗಳ ನಡುವೆ ಇರುವ ದೂರ ಬಹಳವೆಂದರೆ ಇಪ್ಪತ್ತು ಹೆಜ್ಜೆ. ಆದರೂ ಅನೇಕ ಕಡೆ ಅವು ವರ್ಷಗಟ್ಟಲೆ ಒಂದೇ ಮೇಜಿನ ಮೇಲೆ ಬರುವುದೇ ಇಲ್ಲ.

ಮುಂಬಯಿ, ಪುಣೆಗಳಲ್ಲಿ ನಮ್ಮವರ ಟ್ರಸ್ಟುಗಳೂ ಸಮಾಜದ ಸಂಘಗಳೂ ನಡೆಸುವ ಇಂಥ ನಿಲಯಗಳಿವೆ. ಊರಿನಿಂದ ಓದಲು ಬಂದವರು, ಇಲ್ಲಿ ಮನೆ ಮಾಡುವ ಶಕ್ತಿಯಿಲ್ಲದವರ ಮಕ್ಕಳು ಅಲ್ಲಿರುತ್ತಾರೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮುಂಬಯಿಯ ಅಂಥ ಒಂದು ನಿಲಯದ ಲೆಕ್ಕ ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ನೂರಹತ್ತು ಹುಡುಗರು. ಮೆಸ್ಸು ನಡೆಯುವುದು ಹಂಚಿಕೆಯ ಕ್ರಮದಲ್ಲಿ. ಅಂದರೆ ತಿಂಗಳಲ್ಲಿ ಉಗ್ರಾಣದಿಂದ ಎಷ್ಟು ರೂಪಾಯಿಯ ಸಾಮಾನು ಹೊರಬಿತ್ತೋ ಅದನ್ನು ಆ ತಿಂಗಳು ಉಂಡ ಒಟ್ಟು ಊಟಗಳಿಂದ ಭಾಗಿಸಿ, ಯಾರು ಎಷ್ಟು ಊಟ ಮಾಡಿದರೋ ಅಷ್ಟು ವಸೂಲು ಮಾಡುವುದು. ಈ ಕ್ರಮದಲ್ಲಿ ಉಗ್ರಾಣದ ಪುಸ್ತಕದಲ್ಲಿ ಬರೆದ ಪ್ರತಿ ಕಿಲೋ ಕೊನೆಗೆ ಯಾವುದೋ ಹುಡುಗನ ಬಿಲ್ಲಿನಲ್ಲಿ ಹೋಗಿ ಕೂರುತ್ತದೆ.

ನೂರಹತ್ತು ಹುಡುಗರೆಂದ ಮಾತ್ರಕ್ಕೆ ನೂರಹತ್ತು ಊಟ ಎಂದಲ್ಲ. ಮಧ್ಯಾಹ್ನ ಅರ್ಧದಷ್ಟು ಮಂದಿ ಕಾಲೇಜಿನಲ್ಲಿರುತ್ತಾರೆ. ಕೆಲವರು ಬೆಳಗ್ಗೆಯೇ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಾರೆ, ಇನ್ನು ಕೆಲವರು ವಡಾಪಾವಿನಲ್ಲೇ ಹೊತ್ತು ಕಳೆಯುತ್ತಾರೆ. ಆದ್ದರಿಂದ ಸಾಮಾನನ್ನು ಹೋಲಿಸಬೇಕಾದ್ದು ದಾಖಲಾದ ಹೆಸರುಗಳ ಜೊತೆಗಲ್ಲ, ಬಡಿಸಿದ ತಟ್ಟೆಗಳ ಜೊತೆಗೆ. ನಮ್ಮಲ್ಲಿ ಸಾಮಾನ್ಯ ದಿನ ಮಧ್ಯಾಹ್ನ 70, ರಾತ್ರಿ 110, ಒಟ್ಟು 180 ತಟ್ಟೆ. ಅಕ್ಕಿ ಹೊರಬೀಳುತ್ತಿದ್ದದ್ದು ದಿನಕ್ಕೆ 18 ಕಿಲೋ. ತಟ್ಟೆಗೆ 100 ಗ್ರಾಂ ಆಯಿತು. ಇದು ಹೆಚ್ಚೇ, ಕಡಿಮೆಯೇ ಎಂಬುದಕ್ಕೆ ಒಂದು ಅಂದಾಜು ಬೇಕಿದ್ದರೆ, ಸರಕಾರಿ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ ಗೊತ್ತುಪಡಿಸಿದ ಪ್ರಮಾಣ ನೋಡಬಹುದು. ಐದನೆಯ ತರಗತಿಯವರೆಗಿನ ಮಗುವಿಗೆ ಒಂದು ಊಟಕ್ಕೆ 100 ಗ್ರಾಂ ಧಾನ್ಯ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅದರ ಮೇಲಿನ ತರಗತಿಗಳಿಗೆ 150 ಗ್ರಾಂ, 75 ಗ್ರಾಂ, 7.5 ಗ್ರಾಂ. ನಮ್ಮ ಹುಡುಗರು ಅವರಿಗಿಂತ ದೊಡ್ಡವರು. ಆದರೆ ರಾತ್ರಿ ಅನ್ನದ ಜೊತೆ ಮೂರು ಚಪಾತಿಯೂ ಇರುವುದರಿಂದ ಅಕ್ಕಿ 100 ಗ್ರಾಮಿನಲ್ಲಿ ನಿಲ್ಲುವುದು ಸರಿಯಾಗಿಯೇ ಇತ್ತು. ಸಾಮಾನ್ಯ ದಿನಗಳ ಪುಟ ನೋಡಿದರೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

ಇಂಥ ಪುಸ್ತಕವನ್ನು ಸಾಮಾನ್ಯ ದಿನಗಳಲ್ಲಿ ಓದಿ ಪ್ರಯೋಜನವಿಲ್ಲ. ಹುಡುಗರು ಕಡಿಮೆಯಾದ ದಿನಗಳಲ್ಲಿ ಓದಬೇಕು. ಊಟ ಮಾಡುವವರ ಸಂಖ್ಯೆ ಇಳಿದಾಗ ಅಕ್ಕಿಯ ಅಂಕಿಯೂ ಇಳಿಯಿತೇ? ಇಳಿದಿದ್ದರೆ ಪುಸ್ತಕ ತಕ್ಕಡಿಯನ್ನು ನೋಡಿ ಬರೆದದ್ದು. ಇಳಿಯದಿದ್ದರೆ ಅದನ್ನು ಬೇರೆ ಏನನ್ನೋ ನೋಡಿ ಬರೆದಿದ್ದಾರೆ.

ನಾನು ಆರಿಸಿಕೊಂಡದ್ದು ಚೌತಿಯ ವಾರ. ಗಣೇಶೋತ್ಸವಕ್ಕೆ ಇಲ್ಲಿನ ಕಾಲೇಜುಗಳಿಗೆ ರಜೆ, ಕರಾವಳಿಯ ಹುಡುಗರಿಗೆ ಊರಿನ ಸೆಳೆತ. ಆರು ದಿನ ನಿಲಯದಲ್ಲಿ ಉಳಿದವರು 42 ಮಂದಿ. ಮಧ್ಯಾಹ್ನ ಸರಾಸರಿ 35, ರಾತ್ರಿ 42, ದಿನಕ್ಕೆ 77 ತಟ್ಟೆ. ಉಗ್ರಾಣದ ಪುಸ್ತಕ ತೆರೆದರೆ ಆ ಆರೂ ದಿನ ಅಕ್ಕಿ 18 ಕಿಲೋ, 18 ಕಿಲೋ, 18 ಕಿಲೋ. ಒಂದೇ ಶಾಯಿ, ಒಂದೇ ಓರೆ. ತಟ್ಟೆಗೆ 234 ಗ್ರಾಂ ಅಕ್ಕಿ! ಕಾಲು ಕಿಲೋಗೆ ಹತ್ತಿರದ ಅಕ್ಕಿಯ ಅನ್ನವನ್ನು ಒಂದೇ ಹೊತ್ತಿಗೆ ಉಣ್ಣುವ ಹುಡುಗ ಎಲ್ಲೋ ಒಬ್ಬ ಇದ್ದಾನು, ನಲವತ್ತೆರಡು ಮಂದಿಯೂ ಹಾಗಿರಲಾರರು.

ಇಲ್ಲಿ ಅವಸರದಲ್ಲಿ ತೀರ್ಪು ಕೊಡಬಾರದು. ಹುಡುಗರ ಸಂಖ್ಯೆ ಅರ್ಧವಾದರೆ ಅಕ್ಕಿ ಸರಿಯಾಗಿ ಅರ್ಧವಾಗುವುದಿಲ್ಲ, ಆಗಲೂಬಾರದು. ಕಾರಣ, ಹಾಜರಿ ಪುಸ್ತಕದಲ್ಲಿ ಇಲ್ಲದ ಹೊಟ್ಟೆಗಳೂ ಅಲ್ಲಿವೆ. ಇಬ್ಬರು ಅಡುಗೆಯವರು, ಒಬ್ಬ ಸಹಾಯಕ, ಉಗ್ರಾಣದವರು, ಇಬ್ಬರು ಕಾವಲುಗಾರರು, ಕಸ ಗುಡಿಸುವವರು, ಹೀಗೆ ಏಳು ಮಂದಿ ಎರಡು ಹೊತ್ತು ಅಲ್ಲೇ ಉಣ್ಣುತ್ತಾರೆ. ದಿನಕ್ಕೆ 14 ತಟ್ಟೆ. ಹುಡುಗರು ಇರಲಿ ಬಿಡಲಿ, ಈ 14 ಕಡಿಮೆಯಾಗುವುದಿಲ್ಲ. ಇದನ್ನು ಸೇರಿಸಿದರೆ ಸಾಮಾನ್ಯ ದಿನದ ನಿಜವಾದ ಲೆಕ್ಕ 194 ತಟ್ಟೆಗೆ 18 ಕಿಲೋ, ಅಂದರೆ ತಟ್ಟೆಗೆ ಸುಮಾರು 93 ಗ್ರಾಂ. ಚೌತಿಯ ದಿನಗಳಿಗೆ 91 ತಟ್ಟೆ. ಎಂಟೂವರೆ ಕಿಲೋ ಅಕ್ಕಿ ಬೇಕಿತ್ತು. ಅದನ್ನು ಹುಡುಗರ 77 ತಟ್ಟೆಗಷ್ಟೇ ಹಂಚಿದರೆ 110 ಗ್ರಾಂ ಬರುತ್ತದೆ. ಹುಡುಗರು ಕಡಿಮೆಯಾದಾಗ ತಲಾ ಲೆಕ್ಕ 100ರಿಂದ 110ಕ್ಕೆ ಏರುವುದು ಸಹಜವಾದ ಏರಿಕೆ. ಅದನ್ನು ಕಂಡು ಯಾರನ್ನೂ ಪ್ರಶ್ನಿಸಬೇಕಾಗಿಲ್ಲ. 234ಕ್ಕೆ ಏರಿದ್ದರ ಬಗ್ಗೆ ಕೇಳಲೇಬೇಕು. ಎಂಟೂವರೆ ಕಿಲೋ ಬೇಕಾದಲ್ಲಿ ಹದಿನೆಂಟು ಬರೆದ ಲೆಕ್ಕದಲ್ಲಿ ಆರು ದಿನಕ್ಕೆ 57 ಕಿಲೋ ಹೆಚ್ಚಾಯಿತು.

ಹಾಗಾದರೆ ಆ 57 ಕಿಲೋ ಎಲ್ಲಿ? ಪುಸ್ತಕವನ್ನೇ ಮತ್ತೆ ಮತ್ತೆ ತಿರುವಿದರೆ ಉತ್ತರ ಸಿಗುವುದಿಲ್ಲ. ಉಗ್ರಾಣಕ್ಕೆ ಹೋಗಿ ತೂಗಬೇಕು. ತೂಗುವಾಗ ಗಮನಿಸಬೇಕಾದ ಒಂದು ವಿಷಯವಿದೆ. ಅಕ್ಕಿ ಚೀಲವೆಂದರೆ 50 ಕಿಲೋ ಎಂದು ಎಣಿಸಿಬಿಡುವುದು ರೂಢಿ. ಆದರೆ ಗೋಣಿಯ ತೂಕವೇ ಅರ್ಧ ಕಿಲೋಗಿಂತ ಹೆಚ್ಚು. ಗೋಣಿ ಸಮೇತ 50 ತೂಗಿದರೆ ಒಳಗಿರುವ ಅಕ್ಕಿ ನಲವತ್ತೊಂಬತ್ತೂವರೆ ಕಿಲೋಗೂ ಕಡಿಮೆ. ನಾವು ಚೀಲ ಚೀಲವಾಗಿ ತೂಗಿ, ಗೋಣಿ ಕಳೆದು, ಪೀಪಾಯಿಯಲ್ಲಿದ್ದ ಬಿಡಿ ಅಕ್ಕಿಯನ್ನೂ ಸೇರಿಸಿದೆವು. ಪುಸ್ತಕದ ಪ್ರಕಾರ ಶಿಲ್ಕು 212 ಕಿಲೋ ಇರಬೇಕಿತ್ತು. ಇದ್ದದ್ದು 253 ಕಿಲೋ. ಕಡಿಮೆ ಅಲ್ಲ, 41 ಕಿಲೋ ಹೆಚ್ಚು.

ಸಮಿತಿಯ ಕೆಲವರಿಗೆ ಇದರಿಂದ ಸಮಾಧಾನವೇ ಆಯಿತು. ಕಳವಾಗಿಲ್ಲವಲ್ಲ, ಹೆಚ್ಚೇ ಇದೆಯಲ್ಲ ಎಂದರು. ನನಗೆ ಹಾಗೆ ಅನಿಸಲಿಲ್ಲ. ಕಡಿಮೆ ಬಿದ್ದ ದಾಸ್ತಾನಿಗಿಂತ ಹೆಚ್ಚು ಬಿದ್ದ ದಾಸ್ತಾನು ಹೆಚ್ಚು ಅಪಾಯದ್ದು ಎಂದೇ ಬ್ಯಾಂಕಿನ ಗೋದಾಮು ತಪಾಸಣೆಯ ಕಾಲದಿಂದ ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಖರ್ಚಾಗಿ ಹೋದ ಅಕ್ಕಿ ಉಗ್ರಾಣದಲ್ಲಿ ಕುಳಿತಿದೆ ಎಂದರೆ ಆ ಅಕ್ಕಿಗೆ ಯಜಮಾನರಿಲ್ಲ. ನಾಳೆ ಅದು ಹಿಂದಿನ ಬಾಗಿಲಿನಿಂದ ಹೊರಗೆ ಹೋದರೆ ಪುಸ್ತಕಕ್ಕೆ ನೋವಾಗುವುದಿಲ್ಲ, ಶಿಲ್ಕು ಸರಿಯಾಗಿ ತಾಳೆಯಾಗುತ್ತದೆ. ತೂಗುವ ದಿನ ಒಂದು ವಾರ ಮುಂದೆ ಹೋಗಿದ್ದರೆ ನಾವು ಕಾಣುತ್ತಿದ್ದದ್ದು ಅಂಥ ತಾಳೆಯನ್ನೇ ಇರಬಹುದು. ಹಿಂದಿನ ಮಾರ್ಚ್ ಕೊನೆಯ ತಪಾಸಣೆಯ ಪುಟದಲ್ಲಿ ಪುಸ್ತಕಕ್ಕೂ ದಾಸ್ತಾನಿಗೂ ವ್ಯತ್ಯಾಸ ಸೊನ್ನೆ ಎಂದು ಬರೆದಿತ್ತು. ದಿನವೂ ಮೊಗೆದು ಕೊಡುವ, ಇಲಿ ಹೆಗ್ಗಣ ಓಡಾಡುವ, ಮಳೆಗಾಲದಲ್ಲಿ ತೇವ ಹೀರುವ ಉಗ್ರಾಣದಲ್ಲಿ ಒಂದೆರಡು ಕಿಲೋ ಆಚೀಚೆ ಆಗದೇ ಇರುವುದಿಲ್ಲ. ಸೊನ್ನೆ ಕಂಡಾಗಲೇ ಯಾರಾದರೂ ಕೇಳಬೇಕಿತ್ತು.

ಉಗ್ರಾಣದವರು ಅರವತ್ತು ದಾಟಿದ ಹಿರಿಯರು, ಹಿಂದೆ ಫೋರ್ಟಿನ ಒಂದು ಹೋಟೆಲಿನಲ್ಲಿ ಸ್ಟೋರು ನೋಡಿಕೊಂಡಿದ್ದವರು. ಸಮಿತಿಯ ಎದುರು ನಿಲ್ಲಿಸಿ ಕೇಳುವುದು ಬೇಡವೆಂದು ನಾನೇ ಹೋಗಿ ಚೀಲಗಳ ನಡುವೆ ಸ್ಟೂಲು ಎಳೆದುಕೊಂಡು ಕೂತೆ.

“ಅಣ್ಣ, ಚೌತಿಗೆ ಹುಡುಗರು ಅರ್ಧಕ್ಕಿಂತ ಕಡಿಮೆ ಇದ್ದರಲ್ಲ. ಹದಿನೆಂಟು ಕಿಲೋ ಹೇಗೆ ಬರೆದಿರಿ?”

ಅವರು ಗೋಡೆಯ ಮೇಲಿನ ಪಟ್ಟಿ ತೋರಿಸಿದರು. ಸಮಿತಿಯವರೇ ಎಂದೋ ಟೈಪ್ ಮಾಡಿ ಅಂಟಿಸಿದ ವಾರದ ಊಟದ ಪಟ್ಟಿ. ಪ್ರತಿ ದಿನದ ಎದುರೂ ಅಕ್ಕಿ 18, ಹಿಟ್ಟು 10, ಬೇಳೆ 5.4.

“ಇದು ನೀವೇ ಕೊಟ್ಟದ್ದು ಮಾರಾಯ್ರೆ. ಇವತ್ತು ಎಷ್ಟು ಮಂದಿ ಉಣ್ಣುತ್ತಾರೆ ಅಂತ ನನಗೆ ಯಾರು ಹೇಳ್ತಾರೆ? ಹಾಜರಿ ಪುಸ್ತಕ ವಾರ್ಡನ್ ಸಾಹೇಬರ ಕೋಣೆಯಲ್ಲಿ, ನನ್ನ ಪುಸ್ತಕ ಇಲ್ಲಿ. ಭಟ್ಟರು ಬಂದು ಇವತ್ತು ನಾಲ್ಕು ಡಬ್ಬ ಸಾಕು ಅಂತಾರೆ, ಕೊಡ್ತೇನೆ. ಬರೆಯುವಾಗ ಪಟ್ಟಿ ನೋಡಿ ಬರೀತೇನೆ. ಪಟ್ಟಿಗಿಂತ ಬೇರೆ ಬರೆದರೆ ಹಿಂದಿನ ಕಾರ್ಯದರ್ಶಿಯವರು ಯಾಕೆ ಅಂತ ಬೈತಿದ್ರು.”

ಆ ಮಾತಿನಲ್ಲಿ ಹೆಚ್ಚಿನದೆಲ್ಲ ನಿಜವೇ ಇತ್ತು. ಪಟ್ಟಿಯನ್ನು ಮೀರಬಾರದೆಂದು ಹೇಳಿದ್ದು ಸಮಿತಿ. ಮೀರದಂತೆ ಬರೆಯುವುದನ್ನು ಅವರು ಕಲಿತರು. ಮೇಲಿನ ಅಂಕಿಗೆ ಹಾಕಿದ ಕಟ್ಟು ಕೆಳಗಿನ ಅಂಕಿಗೂ ಕಟ್ಟಾಗಿಬಿಟ್ಟಿತು. ಅಳತೆಯ ಡಬ್ಬವನ್ನೂ ನೋಡಿದೆ. ಒಂದು ಡಬ್ಬಕ್ಕೆ ಎರಡು ಕಿಲೋ ಎಂದು ಲೆಕ್ಕ. ಮಟ್ಟಸವಾಗಿ ತುಂಬಿ ತೂಗಿದರೆ ಎರಡು ಕಿಲೋ ಸರಿಯಾಗಿ ಬಂತು. ಅವರು ದಿನವೂ ತುಂಬುವ ಹಾಗೆ ಗೋಪುರ ಏರಿಸಿ ತೂಗಿದರೆ ಎರಡು ಕಿಲೋ ಇನ್ನೂರು ಗ್ರಾಂ. ಸಾಮಾನ್ಯ ದಿನ ಒಂಬತ್ತು ಡಬ್ಬ ಎಂದರೆ ಹೀಗೆ ಬರೆಯದೆ ಹೊರಹೋಗುವ ಅಕ್ಕಿಯೇ 1.8 ಕಿಲೋ. ಲೆಕ್ಕದ ಪ್ರಕಾರ 57 ಹೆಚ್ಚಿರಬೇಕಿತ್ತು, ಸಿಕ್ಕಿದ್ದು 41. ನಡುವಿನ 16 ಕಿಲೋವನ್ನು ಈ ಗೋಪುರವೇ ನುಂಗಿರಬಹುದು. ಅಥವಾ ಬೇರೆ ಏನೋ ಆಗಿರಬಹುದು. ಹೌದೆನ್ನಲೂ ಅಲ್ಲವೆನ್ನಲೂ ಆ ಪುಸ್ತಕದಲ್ಲಿ ಆಧಾರವಿರಲಿಲ್ಲ. ಹಾಗೆಂದೇ ವರದಿಯಲ್ಲಿ ಬರೆದೆ.

ಬಿಲ್ಲಿನ ವಿಷಯಕ್ಕೆ ಬರೋಣ. ಹಿಟ್ಟು, ಬೇಳೆಗಳನ್ನೂ ಆ ವಾರ ಪಟ್ಟಿಯಂತೆಯೇ ಬರೆದಿದ್ದರಿಂದ ಮೂರೂ ಸೇರಿ ಆ ತಿಂಗಳ ದರದಲ್ಲಿ ಸುಮಾರು 6,850 ರೂಪಾಯಿಯ ಸಾಮಾನು ಉಣ್ಣದೆಯೇ ಉಂಡ ಲೆಕ್ಕಕ್ಕೆ ಹೋಗಿತ್ತು. ಇಡೀ ತಿಂಗಳ ತಟ್ಟೆಗಳಿಗೆ ಹಂಚಿದರೆ ತಟ್ಟೆಗೆ ಒಂದು ರೂಪಾಯಿ ನಲವತ್ತಮೂರು ಪೈಸೆ. ದೊಡ್ಡ ಮೊತ್ತವೇನಲ್ಲ. ಆದರೆ ಅದನ್ನು ಕೊಟ್ಟವರು ಯಾರು ನೋಡಿ. ಹಬ್ಬಕ್ಕೆ ಊರಿಗೆ ಹೋದವನು ಆ ತಿಂಗಳು ಎರಡು ಹೊತ್ತಿನಂತೆ 48 ತಟ್ಟೆ ಉಂಡ, ಅವನ ಪಾಲು 69 ರೂಪಾಯಿ. ಹೋಗದೆ ಉಳಿದವನು 60 ತಟ್ಟೆ ಉಂಡ, ಅವನ ಪಾಲು 86. ಉಳಿದವರಲ್ಲಿ ಕೆಲವರು ಪರೀಕ್ಷೆಗೆಂದು ಉಳಿದಿದ್ದರು. ಬೇರೆ ಕೆಲವರು ಹಬ್ಬದ ಸಮಯದ ಬಸ್ಸಿನ ದರ ಕೇಳಿ ಉಳಿದವರು. ಇದನ್ನು ಸಮಿತಿಯಲ್ಲಿ ಓದಿದಾಗ, ಹೆಚ್ಚೇ ಇದೆಯಲ್ಲ ಎಂದವರೂ ಸುಮ್ಮನಾದರು. ಉಗ್ರಾಣದಲ್ಲಿ ಸಿಕ್ಕ 41 ಕಿಲೋ ಅಕ್ಕಿಯನ್ನು ಮತ್ತೆ ಜಮಾ ಬರೆದು, ಅದರ ಹಣವನ್ನು ಮುಂದಿನ ತಿಂಗಳ ಬಿಲ್ಲಿನಲ್ಲಿ ಚೌತಿಗೆ ನಿಂತಿದ್ದ 42 ಮಂದಿಗೇ ಕಡಿತ ಕೊಡಬೇಕೆಂದು ನಿರ್ಣಯವಾಯಿತು. ಎಲ್ಲರಿಗೂ ಹಂಚಿದರೆ ಲೆಕ್ಕ ಬರೆಯುವುದು ಸುಲಭವಿತ್ತು. ಒಬ್ಬರು ಟ್ರಸ್ಟಿ ಹಠ ಹಿಡಿದದ್ದರಿಂದ ಹೀಗಾಯಿತು, ಅದು ಒಳ್ಳೆಯದೇ ಆಯಿತು.

ಅಕ್ಕಿಯನ್ನು ಹೀಗೆ ಓದಬಹುದು. ಎಣ್ಣೆಯನ್ನು ಹೀಗೆ ಓದಲು ಹೋದರೆ ದಾರಿ ತಪ್ಪುತ್ತದೆ. ಪುಸ್ತಕದಲ್ಲಿ ಎಣ್ಣೆಯ ಕಾಲಮಿನಲ್ಲಿ ಸೋಮವಾರ 1 ಡಬ್ಬಿ, ಆಮೇಲೆ ನಾಲ್ಕು ದಿನ ಖಾಲಿ, ಮತ್ತೆ 1 ಡಬ್ಬಿ. ಸೋಮವಾರದ ತಟ್ಟೆಗೆ ಭಾಗಿಸಿದರೆ ಹುಡುಗರು ಎಣ್ಣೆಯಲ್ಲೇ ಮುಳುಗಿದಂತೆ ಕಾಣುತ್ತದೆ, ಮಂಗಳವಾರ ಎಣ್ಣೆಯೇ ಇಲ್ಲದ ಊಟ. ಎಣ್ಣೆಯಲ್ಲಿ ನೋಡಬೇಕಾದ್ದು ಒಂದು ಡಬ್ಬಿ ತೆರೆದ ದಿನದಿಂದ ಮುಂದಿನ ಡಬ್ಬಿ ತೆರೆದ ದಿನದವರೆಗೆ ಒಟ್ಟು ಎಷ್ಟು ತಟ್ಟೆ ಬಡಿಸಿದರು ಎಂಬುದನ್ನು.

ಹಾಗೆ ನೋಡಿದಾಗಲೇ ಇನ್ನೊಂದು ಸಂಗತಿ ಹೊರಬಂತು. ನಮ್ಮಲ್ಲಿ ದಿನಕ್ಕೆ ಸರಾಸರಿ 3.2 ಕಿಲೋ ಎಣ್ಣೆ ಬೇಕು. ಆರು ಡಬ್ಬಿ ಇಪ್ಪತ್ತೆಂಟು ದಿನ ಬರುತ್ತಿತ್ತು. ಜುಲೈಯಿಂದ ಆರು ಡಬ್ಬಿ ಇಪ್ಪತ್ತೈದು ದಿನಕ್ಕೇ ಮುಗಿಯತೊಡಗಿತ್ತು. ಹುಡುಗರು ಅಷ್ಟೇ, ಊಟದ ಪಟ್ಟಿಯೂ ಅದೇ. ಸಹಜವಾಗಿ ಅಡುಗೆಯವರ ಮೇಲೆ ಕಣ್ಣು ಹೋಯಿತು. ಅವರು ಪಾಪ, ಮೊದಲಿನಂತೆಯೇ ಸೌಟು ಎಣಿಸಿ ಹಾಕುತ್ತಿದ್ದೇನೆ ಎಂದು ಆಣೆ ಹಾಕಿದರು. ಖಾಲಿ ಡಬ್ಬಿಗಳನ್ನು ತಂದು ಪಕ್ಕಪಕ್ಕ ಇಟ್ಟು ಮೇಲಿನ ಅಕ್ಷರ ಓದಿದಾಗ ಕಾರಣ ತಿಳಿಯಿತು. ಹಳೆಯ ಡಬ್ಬಿಯ ಮೇಲೆ 15 ಕಿಲೋ ಎಂದಿದೆ. ಹೊಸದರ ಮೇಲೆ 15 ಲೀಟರ್. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಹದಿನೈದು ಲೀಟರ್ ಎಂದರೆ 13.65 ಕಿಲೋ. ಡಬ್ಬಿಗೆ ಒಂದು ಕಿಲೋ ಮುನ್ನೂರೈವತ್ತು ಗ್ರಾಂ ಕಡಿಮೆ. ಅಂಗಡಿಯವರು ಮೋಸ ಮಾಡಿರಲಿಲ್ಲ. ಡಬ್ಬಿಗೆ ದರ ಕಡಿಮೆಯೆಂದು ನಮ್ಮವರೇ ಬದಲಾಯಿಸಿದ್ದರು. ಪುಸ್ತಕದಲ್ಲಿ ಮಾತ್ರ ಎರಡಕ್ಕೂ ಒಂದೇ ಅಂಕಿ, 15. ಆರು ಡಬ್ಬಿಯಲ್ಲಿ ಎಂಟು ಕಿಲೋ ಎಣ್ಣೆ ಬರೀ ಕಾಗದದ ಮೇಲಿತ್ತು, ಅದರ ಸಂಶಯ ಒಲೆಯ ಮುಂದೆ ನಿಂತವರ ತಲೆಯ ಮೇಲಿತ್ತು. ಮನೆಯಲ್ಲಿ ಒಂದು ಲೀಟರಿನ ಪ್ಯಾಕೆಟ್ ಇದ್ದರೆ ತಿರುಗಿಸಿ ನೋಡಿ, ಲೀಟರಿನ ಪಕ್ಕದಲ್ಲೇ ಗ್ರಾಂ ಲೆಕ್ಕವನ್ನೂ ಮುದ್ರಿಸಿರುತ್ತಾರೆ.

ಎಣ್ಣೆಯಲ್ಲಿ ಇನ್ನೊಂದು ತೊಡಕು ಪೂರಿಯ ದಿನದ್ದು. ಬಾಣಲೆಗೆ ಆರು ಕಿಲೋ ಸುರಿದರೆ ಪೂರಿಗಳು ಹೀರುವುದು ಅದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ತಣಿದ ಮೇಲೆ ಸೋಸಿ ತೆಗೆದಿಡುತ್ತಾರೆ, ಮರುದಿನದ ಒಗ್ಗರಣೆಗೆ ಅದೇ. ಪುಸ್ತಕದಲ್ಲಿ ಕೊಟ್ಟದ್ದಕ್ಕೆ ಕಾಲಮ್ ಇದೆ, ಮರಳಿ ಬಂದದ್ದಕ್ಕೆ ಇಲ್ಲ. ಹಾಗಾಗಿ ಪೂರಿಯ ದಿನ ವಿಪರೀತ ಖರ್ಚು ಕಾಣುತ್ತದೆ, ಮರುದಿನ ಎಣ್ಣೆಯಿಲ್ಲದೆ ಅಡುಗೆಯಾದಂತೆ ಕಾಣುತ್ತದೆ. ಮರಳಿದ ಎಣ್ಣೆಗೊಂದು ಕಾಲಮ್ ಇದ್ದರೆ ಆರೋಗ್ಯದ ದೃಷ್ಟಿಯಿಂದಲೂ ಲಾಭವಿದೆ. ಕರಿದ ಎಣ್ಣೆಯನ್ನು ಪದೇ ಪದೇ ಕಾಯಿಸಿದಾಗ ಅದರಲ್ಲಿ ಕೆಟ್ಟ ಸಂಯುಕ್ತಗಳು ಹೆಚ್ಚುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈಯಿಂದ ಇವುಗಳಿಗೆ ಶೇಕಡಾ 25ರ ಮಿತಿ ಹಾಕಿದೆ. ನಿಲಯದ ಅಡುಗೆಮನೆಯಲ್ಲಿ ಅದನ್ನು ಅಳೆಯುವ ಉಪಕರಣ ಇರುವುದಿಲ್ಲ. ಒಂದೇ ಎಣ್ಣೆ ಮೂರು ಸಲ ಮರಳಿ ಬಂದಿದೆಯೇ ಎಂಬುದನ್ನಾದರೂ ಪುಸ್ತಕ ಹೇಳಬಲ್ಲದು.

ತರಕಾರಿಯದ್ದು ಬೇರೆಯೇ ಕಥೆ. ಅಲ್ಲಿ ಶಿಲ್ಕು ಎಂಬುದೇ ಇಲ್ಲ. ಬೆಳಗ್ಗೆ ವಾಶಿಯ ಮಾರುಕಟ್ಟೆಯಿಂದ ಬಂದದ್ದು ಅಂದೇ ಹೆಚ್ಚಿ ಪಾತ್ರೆಗೆ ಬೀಳುತ್ತದೆ. ಪುಸ್ತಕದಲ್ಲಿ ಬಂದದ್ದು 22, ಕೊಟ್ಟದ್ದು 22, ಉಳಿದದ್ದು ಸೊನ್ನೆ. ಎಂದೆಂದೂ ತಾಳೆಯಾಗುವ ಪುಟ ಇದು, ಯಾಕೆಂದರೆ ಎರಡೂ ಅಂಕಿ ಬಿಲ್ಲಿನಿಂದ ಇಳಿಸಿದ್ದು. ಬಿಲ್ಲಿನಲ್ಲಿ 22 ಇದ್ದು ಚೀಲದಲ್ಲಿ 19 ಇದ್ದರೂ ಪುಸ್ತಕ ಅದೇ ಮಾತು ಹೇಳುತ್ತದೆ. ಮಳೆಗಾಲದಲ್ಲಿ ಆಲೂಗಡ್ಡೆಗೆ ಮೆತ್ತಿದ ಮಣ್ಣು, ಸೊಪ್ಪಿನಿಂದ ಸುರಿಯುವ ನೀರು, ಇವೂ ತೂಕವೇ. ಸೊಪ್ಪನ್ನಂತೂ ಕಟ್ಟಿನ ಲೆಕ್ಕದಲ್ಲಿ ಬರೆಯುತ್ತಾರೆ. ನಲವತ್ತು ಕಟ್ಟು ಎಂದರೆ ಜನವರಿಯಲ್ಲಿ ಒಂದು ತೂಕ, ಜುಲೈಯಲ್ಲಿ ಇನ್ನೊಂದು. ಹಾಗಾಗಿ ತರಕಾರಿಗೆ ತಕ್ಕಡಿ ಇರಬೇಕಾದ್ದು ಉಗ್ರಾಣದಲ್ಲಲ್ಲ, ಟೆಂಪೋ ಇಳಿಸುವ ಜಾಗದಲ್ಲಿ. ಬಿಲ್ಲು ನೋಡುವ ಮೊದಲು ತೂಗಿ ಬರೆಯಬೇಕು.

ತಟ್ಟೆಯ ಲೆಕ್ಕವನ್ನೂ ಇಲ್ಲಿ ಸ್ವಲ್ಪ ಸಡಿಲವಾಗಿ ಹಿಡಿಯಬೇಕು. 22 ಕಿಲೋ ಸಿಹಿಗುಂಬಳ ಬಂದರೆ ಹೆಚ್ಚಿನದೆಲ್ಲ ಪಾತ್ರೆಗೆ ಹೋಗುತ್ತದೆ. ಅದೇ 22 ಕಿಲೋ ಸಿಪ್ಪೆಯ ಬಟಾಣಿ ಬಂದರೆ ಸುಲಿದ ಮೇಲೆ ಕೈಗೆ ಸಿಗುವುದು ಸುಮಾರು ಅರ್ಧ. ಹೂಕೋಸಿನ ಎಲೆ ದಂಟು, ಬಾಳೆದಿಂಡಿನ ಹೊರಪದರ, ಇವೆಲ್ಲ ಕಸದ ಬುಟ್ಟಿಗೆ. ಆದ್ದರಿಂದ ಬಟಾಣಿಯ ದಿನವನ್ನು ಕುಂಬಳದ ದಿನಕ್ಕೆ ಹೋಲಿಸಿ ಹುಡುಗರಿಗೆ ಅನ್ಯಾಯವಾಯಿತು, ಉಗ್ರಾಣದಲ್ಲಿ ದುಂದಾಯಿತು ಎನ್ನುವುದರಲ್ಲಿ ಅರ್ಥವಿಲ್ಲ. ಬಟಾಣಿಯ ದಿನವನ್ನು ಹಿಂದಿನ ಬಟಾಣಿಯ ದಿನಕ್ಕೇ ಹೋಲಿಸಬೇಕು. ವಾರದಲ್ಲಿ ಒಂದು ದಿನ, ಯಾವ ದಿನವೆಂದು ಮೊದಲೇ ಹೇಳದೆ, ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಹಾಕುವ ಮುಂಚೆ ಒಮ್ಮೆ ತೂಗಿದರೆ ಸಾಕು. ದಿನವೂ ತೂಗಿ ಎಂದರೆ ಯಾರೂ ತೂಗುವುದಿಲ್ಲ, ಬರೆಯುವುದನ್ನು ಮಾತ್ರ ತಪ್ಪಿಸುವುದಿಲ್ಲ.

ನಾವು ಮಾಡಿದ ಬದಲಾವಣೆ ಬಹಳ ಸಣ್ಣದು. ಗೋಡೆಯ ಪಟ್ಟಿಯಿಂದ ಕಿಲೋ ಅಂಕಿಗಳನ್ನು ಅಳಿಸಿ ತಟ್ಟೆಗೆ ಎಷ್ಟು ಗ್ರಾಂ ಎಂದು ಬರೆದೆವು. ಸಂಜೆ ಐದಕ್ಕೆ ವಾರ್ಡನ್ನರು ಒಂದು ಚೀಟಿಯಲ್ಲಿ ಈ ರಾತ್ರಿ ಮತ್ತು ನಾಳೆ ಮಧ್ಯಾಹ್ನ ಎಷ್ಟು ತಟ್ಟೆ ಎಂದು ಬರೆದು ಉಗ್ರಾಣಕ್ಕೆ ಕಳುಹಿಸುತ್ತಾರೆ, ನೌಕರರ ತಟ್ಟೆಯನ್ನೂ ಸೇರಿಸಿ. ಉಗ್ರಾಣದವರು ಡಬ್ಬ ಬಿಟ್ಟು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಭಟ್ಟರು ತೆಗೆದುಕೊಂಡದ್ದಕ್ಕೆ ರುಜು ಹಾಕುತ್ತಾರೆ, ಮರಳಿಸಿದರೆ ಅದಕ್ಕೂ ಹಾಕುತ್ತಾರೆ. ಚೀಟಿಯನ್ನು ಆ ದಿನದ ಪುಟಕ್ಕೇ ಅಂಟಿಸುವುದು. ಎರಡು ಪುಸ್ತಕಗಳ ನಡುವಿನ ಇಪ್ಪತ್ತು ಹೆಜ್ಜೆಯನ್ನು ಆ ಚೀಟಿ ದಿನವೂ ನಡೆಯುತ್ತದೆ.

ತೊಂದರೆಗಳು ಇಲ್ಲವೆಂದಲ್ಲ. ಊಟಕ್ಕಿದ್ದೇನೆ ಎಂದು ಹೆಸರು ಕೊಟ್ಟು ಹೊರಗೆ ತಿಂದು ಬರುವವರಿದ್ದಾರೆ. ಹೆಸರು ಕೊಡದೆ ಗೆಳೆಯನನ್ನು ಕರೆತರುವವರೂ ಇದ್ದಾರೆ. ಅದಕ್ಕೆ ಬಡಿಸಿದ ಮೇಲೆ ತೊಳೆಯಲು ಬಿದ್ದ ತಟ್ಟೆಗಳನ್ನು ಎಣಿಸಿ ಚೀಟಿಯ ಹಿಂದೆ ಬರೆಯುವ ಪದ್ಧತಿ ಇಟ್ಟೆವು. ಚೀಟಿಯ ಅಂಕಿಗೂ ತೊಳೆದ ತಟ್ಟೆಗೂ ಐದಾರು ವ್ಯತ್ಯಾಸ ಬರುತ್ತಲೇ ಇರುತ್ತದೆ, ಬರಲಿ. ಇನ್ನು ಈ ಲೆಕ್ಕಕ್ಕೆ ಹಿಡಿಯಲಾಗದ ಸಂಗತಿಯೂ ಇದೆ. ಒಳ್ಳೆಯ ಅಕ್ಕಿಯ ದರ ಕೊಟ್ಟು ಕಡಿಮೆ ದರ್ಜೆಯ ಅಕ್ಕಿ ತಂದರೆ ಗ್ರಾಂ ಲೆಕ್ಕ ಒಂದು ಕೂದಲೂ ಅಲುಗುವುದಿಲ್ಲ. ಅದನ್ನು ಹಿಡಿಯಲು ಚೀಲ ಇಳಿಸಿದ ದಿನ ಒಂದು ಹಿಡಿ ತೆಗೆದು ಮಾದರಿಯ ಜೊತೆ ನೋಡಬೇಕು. ಹಳೆ ಅಕ್ಕಿ ಹೆಚ್ಚು ಅರಳುತ್ತದೆ, ಹೊಸ ಅಕ್ಕಿ ಅಷ್ಟು ಅರಳದೆ ಮುದ್ದೆಯಾಗುತ್ತದೆ. ಹೊಸ ಅಕ್ಕಿ ಬಂದ ವಾರ ತಟ್ಟೆಗೆ ಐದಾರು ಗ್ರಾಂ ಹೆಚ್ಚಾದರೆ ಭಟ್ಟರ ಮೇಲೆ ಹೋಗುವ ಮೊದಲು ಚೀಲ ಯಾವಾಗ ತೆರೆದದ್ದು ನೋಡಿ.

ದೀಪಾವಳಿಗೆ ಮತ್ತೆ ನಿಲಯ ಖಾಲಿಯಾಯಿತು. 38 ಹುಡುಗರು ಉಳಿದರು. ಆ ವಾರದ ಪುಟದಲ್ಲಿ ಅಕ್ಕಿಯ ಅಂಕಿಗಳು 7.9, 8.1, 7.6, 11.4, 8, 7.8. ಇಷ್ಟು ಒರಟಾದ, ಒಂದರಂತೆ ಒಂದಿಲ್ಲದ ಅಂಕಿಗಳನ್ನು ಆ ಪುಸ್ತಕದಲ್ಲಿ ನಾನು ಮೊದಲ ಬಾರಿ ನೋಡಿದ್ದು. 11.4ರ ಎದುರು ಉಗ್ರಾಣದ ಅಣ್ಣನ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: “ಪಾಡ್ಯ. ಹಳೆ ವಿದ್ಯಾರ್ಥಿಗಳು ಮನೆಯವರ ಸಮೇತ 31 ಮಂದಿ ಮಧ್ಯಾಹ್ನ ಊಟಕ್ಕೆ. ಪಾಯಸದ ಅಕ್ಕಿ ಬೇರೆ. ಅನ್ನ ಮಿಗಲಿಲ್ಲ.”